ಸರ್ವೆಯಲ್ಲಿ ಕೆಲಸಗಾರ, ಓಣಿಯಲ್ಲಿ ಖಾಲಿ

ಪ್ರಾಂಶುಪಾಲರೇ, ಸಮಾಜಶಾಸ್ತ್ರ ವಿಭಾಗದ ಗುರುಗಳೇ, ಗೆಳೆಯ ಗೆಳತಿಯರೇ, ಎಲ್ಲರಿಗೂ ನಮಸ್ಕಾರ.

ನಾನು ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ನನ್ನ ವಿಷಯ, ಸಣ್ಣ ಊರುಗಳಲ್ಲಿ ಯುವಜನರ ನಿರುದ್ಯೋಗ ಮತ್ತು ಸಾಮಾಜಿಕ ಹೊರಗಿಡುವಿಕೆ. ಹೆಸರು ಸ್ವಲ್ಪ ಭಾರ ಆಯ್ತು. ಆದರೆ ವಿಷಯ ನಮ್ಮ ಬನಹಟ್ಟಿಯ ಯಾವ ಓಣಿಗೆ ಹೋದರೂ ಸಿಗುತ್ತದೆ.

ಮೊದಲು ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ಶೇ. 3.2. 15ರಿಂದ 29 ವಯಸ್ಸಿನವರಲ್ಲಿ ಶೇ. 10.2. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಈ ಲೆಕ್ಕದಲ್ಲಿ ವರ್ಷಕ್ಕೆ 30 ದಿನ ಕೆಲಸ ಮಾಡಿದವರೂ ಉದ್ಯೋಗಿಗಳೇ ಆಗಬಹುದು. ಮನೆಯ ಅಂಗಡಿಯಲ್ಲೋ ಮಗ್ಗದಲ್ಲೋ ಸಂಬಳ ಇಲ್ಲದೆ ದುಡಿದರೂ ಉದ್ಯೋಗಿಯೇ.

ಈಗ ಡಿಗ್ರಿ ಮುಗಿಸಿದ ಒಬ್ಬ ಹುಡುಗನನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಅಪ್ಪನ ಪವರ್‌ಲೂಮ್ ನೋಡಿಕೊಳ್ಳುತ್ತಾನೆ. ಮಧ್ಯಾಹ್ನ ಮಾವನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಸಮೀಕ್ಷೆಗೆ ಅವನು ಕೆಲಸಗಾರ. ಓಣಿಯಲ್ಲಿ ಕೇಳಿ ನೋಡಿ: "ಏನ್ ಮಾಡ್ತಾನ್ರೀ? ಖಾಲಿ ಅದಾನ." ನನ್ನ ಇಡೀ ಮಾತು ಈ ಎರಡು ಲೆಕ್ಕಗಳ ನಡುವಿನ ಜಾಗದ ಬಗ್ಗೆ. ಹೊರಗಿಡುವಿಕೆ ನಡೆಯುವುದು ಅಲ್ಲೇ.

ಬೆಂಗಳೂರಿನಲ್ಲಿ ಕೆಲಸ ಇಲ್ಲದವನು ಪಕ್ಕದ ಮನೆಗೂ ಗೊತ್ತಿರುವುದಿಲ್ಲ. ಇಲ್ಲಿ ಹಾಗಲ್ಲ. ಲಗ್ನದ ಮನೆಯಲ್ಲಿ ಊಟಕ್ಕಿಂತ ಮೊದಲು ಪ್ರಶ್ನೆ ಬಡಿಸುತ್ತಾರೆ. ಅದಕ್ಕೇ ಹುಡುಗ ಲಗ್ನಕ್ಕೆ ಹೋಗುವುದನ್ನು ಬಿಡುತ್ತಾನೆ. ಆಮೇಲೆ ಜಾತ್ರೆಯ ಪಟ್ಟಿ ಎತ್ತುವ ಗುಂಪಿನಿಂದ ದೂರ ಸರಿಯುತ್ತಾನೆ. ಕೊನೆಗೆ ಮನೆಯಲ್ಲಿ ಹೊಲದ ಮಾತು, ಸಾಲದ ಮಾತು ಬಂದಾಗ ಅವನನ್ನು ಯಾರೂ ಕೇಳುವುದಿಲ್ಲ. ಯಾರೂ ಬಾಗಿಲು ಹಾಕಿಲ್ಲ, ಆದರೂ ಅವನು ಹೊರಗಿದ್ದಾನೆ.

ಆಸ್ಟ್ರಿಯಾದಲ್ಲಿ ಮರಿಯೆಂತಾಲ್ ಎಂಬ ಪುಟ್ಟ ಊರಿದೆ. ಅದೂ ನಮ್ಮ ಹಾಗೆ ಬಟ್ಟೆಯ ಊರು. 1930ರ ಹೊತ್ತಿಗೆ ಅಲ್ಲಿನ ಗಿರಣಿ ಮುಚ್ಚಿತು. ಸಮಾಜ ಮನೋವಿಜ್ಞಾನಿ ಮಾರಿ ಯಹೋಡಾ ಮತ್ತು ಅವರ ಜೊತೆಗಾರರು ಆ ಊರನ್ನು ಅಧ್ಯಯನ ಮಾಡಿದರು. ಜನರಿಗೆ ಸಮಯ ಬೇಕಾದಷ್ಟಿತ್ತು. ಗ್ರಂಥಾಲಯದ ಶುಲ್ಕವನ್ನೂ ತೆಗೆದಿದ್ದರು. ಆದರೂ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರ ನಡಿಗೆಯೇ ನಿಧಾನವಾಗಿತ್ತು. "ಖಾಲಿ ಇದ್ದರೆ ಓದಬಹುದಲ್ಲ" ಎನ್ನುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇನ್ನು ಓದಿದವರ ಕಥೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದ ಪದವೀಧರ ಯುವಜನರಲ್ಲಿ ಶೇ. 29.1 ಮಂದಿಗೆ ಕೆಲಸ ಇರಲಿಲ್ಲ. ಓದು ಬರಹ ಬಾರದವರಲ್ಲಿ ಅದು ಶೇ. 3.4 ಮಾತ್ರ. ಹಾಗಂತ ಓದುವುದೇ ತಪ್ಪು ಅನ್ನಬೇಡಿ. ಬಡವನಿಗೆ ಖಾಲಿ ಕೂರುವುದಕ್ಕೂ ಆಗುವುದಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ. ಪದವೀಧರ ಕಾಯುತ್ತಾನೆ. ಧಾರವಾಡದಲ್ಲಿ ರೂಮ್ ಮಾಡಿ, ಕೋಚಿಂಗ್ ಸೇರಿ, ನೋಟಿಫಿಕೇಶನ್‌ಗೆ ಕಾಯುತ್ತಾನೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರಲ್ಲಿ. ಅಕ್ರಮ ಬಯಲಾಗಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಈ ನಡುವೆ ಪ್ರಾಮಾಣಿಕವಾಗಿ ಬರೆದವರ ವಯಸ್ಸು ಸುಮ್ನೆ ನಿಂತಿತ್ತೇ?

ಹುಡುಗಿಯರ ವಿಷಯ ಬೇರೆ. ನಮ್ಮನ್ನು "ಏನ್ ಮಾಡ್ತೀ?" ಅಂತ ಕೇಳುವುದೇ ಇಲ್ಲ. "ಯಾವಾಗ ಲಗ್ನ?" ಅಂತಾರೆ. ಮನೆಗೆಲಸ ಮಾಡುವವಳು ಕೆಲಸ ಹುಡುಕದಿದ್ದರೆ ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ. ಹುಡುಕಬೇಕೆಂದರೆ ಸಂಜೆ ವಾಪಸ್ ಬರಲು ಬಸ್ ಬೇಕು, ಮನೆಯವರ ಒಪ್ಪಿಗೆ ಬೇಕು. ನಮ್ಮ ಕ್ಲಾಸಿನ ಎಷ್ಟೋ ಗೆಳತಿಯರು ಈ ಪರೀಕ್ಷೆಯಲ್ಲೇ ಫೇಲಾಗುತ್ತಾರೆ.

ಇನ್ನೊಂದು ಮಾತನ್ನು ಸಣ್ಣ ಊರಿನಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮೇಲೆ ಹೇಳಿದ ಹುಡುಗನಿಗೆ ಅಪ್ಪನ ಮಗ್ಗವಾದರೂ ಇದೆ, ಮಾವನ ಅಂಗಡಿಯಾದರೂ ಇದೆ. ಮಗ್ಗ, ಹೊಲ, ಅಂಗಡಿ ಯಾವುದೂ ಇಲ್ಲದ ದಲಿತ ಹುಡುಗ ಅದೇ ಡಿಗ್ರಿ ತಗೊಂಡು ಎಲ್ಲಿ ಕೂರಬೇಕು? ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಕೇಳಿದರೆ ಮೊದಲು ಅಡ್ಡಹೆಸರು ಕೇಳುತ್ತಾರೆ. ಅವನು ಕೆಲಸ ಹುಡುಕುವುದಕ್ಕೆ ಮೊದಲೇ ಹೊರಗಿಡುವಿಕೆ ಶುರುವಾಗಿರುತ್ತದೆ.

ರಾಜ್ಯ ಸರ್ಕಾರದ ಯುವನಿಧಿ ಇದೆಯಲ್ಲ ಅನ್ನಬಹುದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಫೀ, ಬಸ್ ಚಾರ್ಜು ಅಪ್ಪನ ಹತ್ತಿರ ಕೇಳುವುದು ತಪ್ಪುತ್ತದೆ. ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ದುಡ್ಡು ಓಣಿಯ ಲೆಕ್ಕವನ್ನು ಬದಲಿಸುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನೇಮಕಾತಿ ಪರೀಕ್ಷೆಗಳಿಗೆ ವರ್ಷದ ಕ್ಯಾಲೆಂಡರ್ ಇರಲಿ, ಸರ್ಕಾರ ಅದನ್ನು ಮುರಿಯದಿರಲಿ. ಸಂಜೆಯ ಬಸ್ ಜಾಸ್ತಿ ಆಗಲಿ. ನಮ್ಮ ಕಾಲೇಜಿನ ಗ್ರಂಥಾಲಯ ಹಳೆಯ ವಿದ್ಯಾರ್ಥಿಗಳಿಗೂ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಈ ಕೊನೆಯದಕ್ಕೆ ವಿಧಾನಸೌಧದವರೆಗೆ ಹೋಗಬೇಕಿಲ್ಲ, ಪ್ರಾಂಶುಪಾಲರು ಇಲ್ಲೇ ಕೂತಿದ್ದಾರೆ. ಸರ್, ಅರ್ಜಿ ಬರೆದು ತಂದಿದ್ದೇನೆ, ಈ ಗೋಷ್ಠಿ ಮುಗಿದ ಮೇಲೆ ಕೊಡುತ್ತೇನೆ.

ಈಗ ಪ್ರಶ್ನೆಗಳಿದ್ದರೆ ಕೇಳಿ. ನಮಸ್ಕಾರ.