ಎರಡು ಟೇಬಲ್, ಇಪ್ಪತ್ತು ಆಟಗಾರರು: ಬುಧವಾರ ಮತ್ತು ಶನಿವಾರದ ತರಬೇತಿ ಸರ್ಕ್ಯೂಟ್

ಈ ಯೋಜನೆಯನ್ನು ನಮ್ಮ ಟೇಬಲ್ ಟೆನಿಸ್ ಕ್ಲಬ್ಬಿನ ಸಹಾಯಕ ತರಬೇತುದಾರರಿಗಾಗಿ ಮತ್ತು ಐದು ತಂಡಗಳ ಮುಂದಾಳುಗಳಿಗಾಗಿ ಬರೆಯಲಾಗಿದೆ. ಬುಧವಾರ ಮತ್ತು ಶನಿವಾರ ಸಂಜೆ 6ರಿಂದ 7:30ರವರೆಗೆ ಸಭಾಂಗಣ ನಮ್ಮದಾಗಿರುತ್ತದೆ. ಬರುವವರು ಇಪ್ಪತ್ತು ಮಂದಿ, ಇರುವುದು ಎರಡು ಟೇಬಲ್. ಇಬ್ಬಿಬ್ಬರಾಗಿ ಸಿಂಗಲ್ಸ್ ಆಡಿಸುತ್ತ ಹೋದರೆ ಒಂದು ಹೊತ್ತಿಗೆ ನಾಲ್ವರಷ್ಟೇ ಆಡುತ್ತಾರೆ, ಹದಿನಾರು ಮಂದಿ ಬೆಂಚಿನ ಮೇಲೆ ಕುಳಿತಿರುತ್ತಾರೆ. ತೊಂಬತ್ತು ನಿಮಿಷಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಹದಿನೆಂಟು ನಿಮಿಷ. ಐದು ತಂಡಗಳು ಐದು ತಾಣಗಳಲ್ಲಿ ಸರದಿಯಂತೆ ಅಭ್ಯಾಸ ಮಾಡುವ ಈ ಸರ್ಕ್ಯೂಟಿನಲ್ಲಿ ಟೇಬಲ್ ಮುಂದೆ ಆಡುವ ಸಮಯ ಇಪ್ಪತ್ತು ನಿಮಿಷದ ಆಸುಪಾಸಿಗೆ ಏರುತ್ತದೆ, ಅಂದರೆ ಆ ಲಾಭ ಚಿಕ್ಕದು. ದೊಡ್ಡ ಲಾಭವಿರುವುದು ಉಳಿದ ಎಪ್ಪತ್ತು ನಿಮಿಷಗಳಲ್ಲಿ. ಸ್ಪಿನ್, ಚೆಂಡಿನ ಹಿಡಿತ, ಕಾಲಿನ ಚಲನೆ ಈ ಮೂರನ್ನೂ ಟೇಬಲ್ ಇಲ್ಲದೆಯೇ ಕಲಿಯಬಹುದು. ಬೆಂಚಿನ ಮೇಲೆ ಕುಳಿತು ಮಾತ್ರ ಯಾವುದನ್ನೂ ಕಲಿಯಲಾಗದು.

ಸಭಾಂಗಣದ ಜೋಡಣೆ

ಸಭಾಂಗಣದ ಉದ್ದ 16 ಮೀಟರ್, ಅಗಲ 9 ಮೀಟರ್. ಟೇಬಲ್‌ಗಳೆರಡನ್ನೂ ವೇದಿಕೆಯ ಕಡೆಗೆ, ಅಕ್ಕಪಕ್ಕದಲ್ಲಿ, ಸಭಾಂಗಣದ ಉದ್ದಕ್ಕೆ ಸಮಾನಾಂತರವಾಗಿ ಇಡಬೇಕು. ಟೇಬಲ್ಲಿನ ಉದ್ದ 2.74 ಮೀಟರ್ ಆಗಿರುವುದರಿಂದ, ಎರಡೂ ತುದಿಗಳಲ್ಲಿ ಮೂರು ಮೂರು ಮೀಟರ್ ಬಿಟ್ಟರೆ ಸುಮಾರು 9 ಮೀಟರ್ ಟೇಬಲ್‌ಗಳಿಗೆ ಹೋಗುತ್ತದೆ. ಅಗಲದ ಲೆಕ್ಕದಲ್ಲಿ ಟೇಬಲ್‌ಗಳ ನಡುವೆ ಮತ್ತು ಇಕ್ಕೆಲದ ಗೋಡೆಗಳ ಬಳಿ ಸುಮಾರು ಎರಡೆರಡು ಮೀಟರ್ ಉಳಿಯುತ್ತದೆ. ಬಾಗಿಲ ಕಡೆಯ 7 ಮೀಟರ್ ಜಾಗದಲ್ಲಿ ಉಳಿದ ಮೂರು ತಾಣಗಳಿರುತ್ತವೆ. ಎರಡೂ ಭಾಗಗಳ ನಡುವೆ ಬೆಂಚುಗಳನ್ನು ಅಡ್ಡ ಮಲಗಿಸಿ ತಡೆ ಮಾಡಬೇಕು, ಏಕೆಂದರೆ ಓಡುತ್ತಿರುವವರ ಕಾಲ ಕೆಳಗೆ ಚೆಂಡು ಉರುಳಿ ಬರುವುದೇ ಇಲ್ಲಿನ ದೊಡ್ಡ ಅಪಾಯ. ಚೆಂಡು ತಡೆ ದಾಟಿದ್ದನ್ನು ಕಂಡವರು ಯಾರೇ ಆಗಿರಲಿ, "ಬಾಲ್!" ಎಂದು ಗಟ್ಟಿಯಾಗಿ ಕೂಗಬೇಕು, ಆ ಕೂಗು ಕೇಳಿದೊಡನೆ ಬಾಗಿಲ ಕಡೆಯ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಚೆಂಡಿನ ತೂಕ ಕೇವಲ 2.7 ಗ್ರಾಂ ಆದ್ದರಿಂದ ಟೇಬಲ್‌ಗಳ ಮೇಲಿನ ಫ್ಯಾನುಗಳನ್ನು ಹಾಕಬಾರದು, ಬಾಗಿಲ ಕಡೆಯವನ್ನು ಹಾಕಬಹುದು. ಮಳೆಗಾಲದಲ್ಲಿ ನೆಲ ಬೆವರುತ್ತದೆಯಾದ್ದರಿಂದ 6 ಗಂಟೆಗೆ ಮೊದಲೇ ಒಣ ಬಟ್ಟೆಯಿಂದ ಒರೆಸಿರಬೇಕು.

ತಂಡಗಳು ಮತ್ತು ಸಮಯ

ನಾಲ್ವರ ಐದು ತಂಡಗಳನ್ನು ಮಾಡಿ, ಒಂದೊಂದರಲ್ಲೂ ಆಟದ ಮಟ್ಟ ಹತ್ತಿರವಿರುವವರನ್ನು ಸೇರಿಸಲಾಗಿದೆ. ಎಲ್ಲ ಮಟ್ಟದವರನ್ನೂ ಬೆರೆಸಿದರೆ ಚಿಕ್ಕವರು ಬೇಗ ಕಲಿಯುತ್ತಾರೆ ಎಂಬ ಅಭಿಪ್ರಾಯ ಕ್ಲಬ್ಬಿನಲ್ಲಿದೆ. ಆದರೆ ಚೆಂಡನ್ನು ಐದು ಬಾರಿ ಹಿಂದಿರುಗಿಸಲಾಗದ ಮಗುವಿನ ಎದುರು ಜಿಲ್ಲಾ ಮಟ್ಟದ ಆಟಗಾರ ನಿಂತರೆ ಇಬ್ಬರ ಸಮಯವೂ ವ್ಯರ್ಥವಾಗುತ್ತದೆ ಎಂಬುದು ನನ್ನ ಖಚಿತ ಅನುಭವ. ಆದಕಾರಣ ಬೆರೆಯುವಿಕೆಯನ್ನು ಕೊನೆಯ ಡಬಲ್ಸ್ ಪಂದ್ಯಗಳಿಗೆ ಇಡಲಾಗಿದೆ.

6:00ರಿಂದ 6:12ರವರೆಗೆ ಎಲ್ಲರೂ ಒಟ್ಟಿಗೆ ಮೈ ಬಿಸಿ ಮಾಡಿಕೊಳ್ಳುವುದು: ನಿಧಾನ ಓಟ, ಪಕ್ಕಕ್ಕೆ ಜಾರು ಹೆಜ್ಜೆ, ಭುಜ ಮತ್ತು ಮಣಿಕಟ್ಟುಗಳ ಚಲನೆ. 6:12ರಿಂದ 7:02ರವರೆಗೆ ಸರ್ಕ್ಯೂಟ್. ಪ್ರತಿ ತಾಣದಲ್ಲಿ ಒಂಬತ್ತು ನಿಮಿಷ ಕೆಲಸ, ಒಂದು ನಿಮಿಷ ಬದಲಾವಣೆ. ನಾಲ್ಕು ನಿಮಿಷ ನೀರಿಗೆ ಬಿಟ್ಟು, 7:06ರಿಂದ 7:26ರವರೆಗೆ ಡಬಲ್ಸ್. ಕೊನೆಯ ನಾಲ್ಕು ನಿಮಿಷ ಸ್ನಾಯುಗಳನ್ನು ಸಡಿಲಿಸುವುದಕ್ಕೆ ಮತ್ತು ಚೆಂಡು ಎಣಿಸಿ ಪೆಟ್ಟಿಗೆಗೆ ಹಾಕುವುದಕ್ಕೆ.

ಒಂದನೇ ತಂಡ ಒಂದನೇ ತಾಣದಲ್ಲಿ, ಎರಡನೆಯದು ಎರಡರಲ್ಲಿ, ಹೀಗೆ ಆರಂಭಿಸಿ, ಸೀಟಿ ಊದಿದಾಗ ಪ್ರತಿ ತಂಡವೂ ಮುಂದಿನ ಸಂಖ್ಯೆಯ ತಾಣಕ್ಕೆ ಹೋಗಬೇಕು. ಐದರಲ್ಲಿದ್ದವರು ಒಂದಕ್ಕೆ ಬರಬೇಕು. ದಣಿಸುವ ತಾಣಗಳು ಎರಡು, ಮಲ್ಟಿಬಾಲ್ ಮತ್ತು ಕಾಲಿನ ಚಲನೆ. ಅವು ಒಂದರ ಹಿಂದೊಂದು ಬಾರದಂತೆ ಸಂಖ್ಯೆಗಳನ್ನು ಇಟ್ಟಿರುವುದರಿಂದ ಯಾರೂ ಈ ಕ್ರಮವನ್ನು ಬದಲಿಸಬಾರದು.

ತಾಣ 1: ಮಲ್ಟಿಬಾಲ್ (ಮೊದಲ ಟೇಬಲ್)

ಇಲ್ಲಿ ಪೂರ್ತಿ ಐವತ್ತು ನಿಮಿಷ ನಾನೇ ಚೆಂಡು ಕೊಡುತ್ತೇನೆ. ಪೆಟ್ಟಿಗೆಯಲ್ಲಿ ನೂರು ಚೆಂಡುಗಳಿರಬೇಕು. ಇಬ್ಬರು ಸರದಿಯಂತೆ ಹೊಡೆಯುತ್ತಾರೆ, ಇನ್ನಿಬ್ಬರು ಎದುರು ತುದಿಯಲ್ಲಿ ಚೆಂಡು ಆಯ್ದು ಪೆಟ್ಟಿಗೆಗೆ ತುಂಬುತ್ತಾರೆ. ನಾಲ್ಕು ನಿಮಿಷವಾದ ಮೇಲೆ ಜಾಗ ಅದಲುಬದಲು. ನಿಮಿಷಕ್ಕೆ ಸುಮಾರು ನಲವತ್ತು ಚೆಂಡುಗಳಂತೆ ಕೊಟ್ಟರೆ ನಾಲ್ಕು ನಿಮಿಷದಲ್ಲಿ ಒಬ್ಬೊಬ್ಬರಿಗೆ ಎಂಬತ್ತು ಹೊಡೆತ ಸಿಗುತ್ತದೆ. ಹೊಸಬರು ಆಡುವ ಸಾಮಾನ್ಯ ಸಿಂಗಲ್ಸಿನಲ್ಲಿ ಹೆಚ್ಚಿನ ಸಮಯ ಚೆಂಡು ಹುಡುಕುವುದರಲ್ಲೇ ಕಳೆಯುತ್ತದೆಯಾದ್ದರಿಂದ, ಈ ನಾಲ್ಕು ನಿಮಿಷಗಳ ಬೆಲೆ ಹೆಚ್ಚು.

ಹೊಸಬರ ಎರಡು ತಂಡಗಳಿಗೆ ಒಂದು ಚೆಂಡು ಫೋರ್‌ಹ್ಯಾಂಡಿಗೆ, ಒಂದು ಬ್ಯಾಕ್‌ಹ್ಯಾಂಡಿಗೆ, ಅಷ್ಟೇ. ಮಧ್ಯಮ ಮಟ್ಟದ ತಂಡಗಳಿಗೆ ಮೊದಲು ಬ್ಯಾಕ್‌ಸ್ಪಿನ್ ಚೆಂಡು ಬರುತ್ತದೆ, ಅದನ್ನು ಟಾಪ್‌ಸ್ಪಿನ್‌ನಿಂದ ಎತ್ತಬೇಕು; ಹಿಂದೆಯೇ ವೇಗದ ಚೆಂಡು ಬರುತ್ತದೆ, ಅದನ್ನು ಬ್ಯಾಟನ್ನು ಮುಚ್ಚಿ ಹೊಡೆಯಬೇಕು. ಐದನೇ ತಂಡಕ್ಕೆ ಫಾಲ್ಕೆನ್‌ಬರ್ಗ್ ಅಭ್ಯಾಸ: ಬ್ಯಾಕ್‌ಹ್ಯಾಂಡ್ ಮೂಲೆಯಿಂದ ಒಂದು ಬ್ಯಾಕ್‌ಹ್ಯಾಂಡ್, ಅದೇ ಮೂಲೆಗೆ ಬಂದ ಮುಂದಿನ ಚೆಂಡಿಗೆ ಪಕ್ಕ ಸರಿದು ಫೋರ್‌ಹ್ಯಾಂಡ್, ಆಮೇಲೆ ಓಡಿ ಫೋರ್‌ಹ್ಯಾಂಡ್ ಮೂಲೆಯಿಂದ ಇನ್ನೊಂದು ಫೋರ್‌ಹ್ಯಾಂಡ್. 1971ರ ವಿಶ್ವ ಚಾಂಪಿಯನ್ ಸ್ಟೆಲನ್ ಬೆಂಗ್ಟ್‌ಸನ್ ಅವರು ಬೆಳೆದ ಸ್ವೀಡನ್ನಿನ ಫಾಲ್ಕೆನ್‌ಬರ್ಗ್ ಕ್ಲಬ್ಬಿನ ಹೆಸರೇ ಈ ಅಭ್ಯಾಸಕ್ಕೆ ಉಳಿದಿದೆ. ಆಟಗಾರನೊಬ್ಬ ಟೇಬಲ್ ಹಿಂದೆ ಇಡಬೇಕಾದ ಮುಖ್ಯ ಹೆಜ್ಜೆಗಳೆಲ್ಲ ಈ ಮೂರು ಹೊಡೆತಗಳೊಳಗೇ ಇರುವುದರಿಂದ ಮೂರನೇ ತಾಣದಲ್ಲೂ ಇದನ್ನೇ ಬಳಸಿದ್ದೇವೆ.

ತಾಣ 2: ನೆಲದ ಮೇಲೆ ಸ್ಪಿನ್ ಮತ್ತು ಸರ್ವ್

ಬೆಂಬಲವಿಲ್ಲದೆ ಹೋದರೆ ಮಕ್ಕಳು ಈ ತಾಣವನ್ನು ಆಟವೆಂದು ಕಡೆಗಣಿಸುತ್ತಾರೆ; ಮುಂದಾಳುಗಳು ಹಾಗಾಗಲು ಬಿಡಬಾರದು. ಸೀಮೆಸುಣ್ಣದ ಗೆರೆಯ ಹಿಂದೆ ನಿಂತು, ಚೆಂಡಿನ ತಳವನ್ನು ಬ್ಯಾಟಿನಿಂದ ತೆಳುವಾಗಿ ಸವರಿ ಮುಂದಕ್ಕೆ ಕಳುಹಿಸಬೇಕು. ಬ್ಯಾಕ್‌ಸ್ಪಿನ್ ಸರಿಯಾಗಿ ಬಿದ್ದಿದ್ದರೆ ಚೆಂಡು ಸ್ವಲ್ಪ ದೂರ ಹೋಗಿ, ನೆಲ ಮುಟ್ಟಿ, ತಾನಾಗಿಯೇ ಹೊಡೆದವರ ಕಡೆಗೆ ಉರುಳಿ ಬರುತ್ತದೆ. ಬರದಿದ್ದರೆ ಚೆಂಡನ್ನು ಸವರಿಲ್ಲ, ತಳ್ಳಿದ್ದಾರೆ. ತರಬೇತುದಾರರು ಬಾಯಿಬಿಡದೆಯೇ ಆಟಗಾರರಿಗೆ ತಮ್ಮ ತಪ್ಪು ಗೊತ್ತಾಗುವ ಅಭ್ಯಾಸಗಳು ಬಹಳ ಕಡಿಮೆ, ಅವುಗಳಲ್ಲಿ ಇದೊಂದು. ಬ್ಯಾಕ್‌ಸ್ಪಿನ್ ಕೈವಶವಾದವರು ಮುಂದೆ ನೀರಿನ ಬಾಟಲಿಯೊಂದನ್ನು ಇಟ್ಟು, ಅದನ್ನು ಬಳಸಿ ತಿರುಗುವಂತೆ ಸೈಡ್‌ಸ್ಪಿನ್ ಮಾಡಲಿ.

ಇಬ್ಬರು ಸರ್ವ್ ಮಾಡುವಾಗ ಇನ್ನಿಬ್ಬರು ಎದುರು ನಿಂತು ಅಂಪೈರಿಂಗ್ ಮಾಡಬೇಕು. ಚೆಂಡು ತೆರೆದ ಅಂಗೈಯ ಮೇಲೆ ನಿಶ್ಚಲವಾಗಿತ್ತೇ, ಕನಿಷ್ಠ 16 ಸೆಂ.ಮೀ. ಮೇಲಕ್ಕೆ ಹೆಚ್ಚುಕಡಿಮೆ ನೇರವಾಗಿ ಹೋಯಿತೇ, ಬಿಡುಗೈ ಚೆಂಡನ್ನು ಮರೆಮಾಡಿತೇ ಎಂಬ ಮೂರನ್ನು ಅವರು ಗಟ್ಟಿಯಾಗಿ ಹೇಳಬೇಕು. ನೆಟ್ಟಿನ ಎತ್ತರ 15.25 ಸೆಂ.ಮೀ. ಆದ್ದರಿಂದ, ಅದಕ್ಕಿಂತ ತುಸು ಹೆಚ್ಚು ಎತ್ತರಕ್ಕೆ ಎಸೆಯಬೇಕೆಂದು ತಿಳಿಸಿದರೆ ಚಿಕ್ಕವರಿಗೂ ಅಂದಾಜು ಸಿಗುತ್ತದೆ.

ತಾಣ 3: ಕಾಲಿನ ಚಲನೆ

ನೆಲದ ಮೇಲೆ ಒಂದೂವರೆ ಮೀಟರ್ ಅಂತರದಲ್ಲಿ, ಅಂದರೆ ಟೇಬಲ್ಲಿನ ಅಗಲದಷ್ಟು ದೂರದಲ್ಲಿ, ಎರಡೆರಡು ಗುರುತುಗಳಿರುತ್ತವೆ. ಜೋಡಿಯಲ್ಲಿ ಒಬ್ಬರು ಬ್ಯಾಟ್ ಹಿಡಿದು ಚೆಂಡಿಲ್ಲದೆ ಹೊಡೆತಗಳನ್ನು ಆಡುತ್ತಾರೆ, ಇನ್ನೊಬ್ಬರು "ಬಲ", "ಎಡ", "ಮುಂದೆ" ಎಂದು ಹೇಳುತ್ತಾರೆ. ಮೂವತ್ತು ಸೆಕೆಂಡಿಗೊಮ್ಮೆ ಪಾತ್ರ ಬದಲು. ಹನ್ನೆರಡು ವರ್ಷಕ್ಕಿಂತ ಚಿಕ್ಕವರಿಗೆ ಇಪ್ಪತ್ತು ಸೆಕೆಂಡು ಸಾಕು. ಕಾಲುಗಳು ಒಂದರ ಮೇಲೊಂದು ಬರಬಾರದು, ಮಂಡಿ ಬಾಗಿರಬೇಕು, ಹೊಡೆತವಾದ ಮೇಲೆ ಮಧ್ಯಕ್ಕೆ ಮರಳಲೇಬೇಕು. ವೇಗ ಹೆಚ್ಚಿ ಭಂಗಿ ಕೆಟ್ಟರೆ ವೇಗವನ್ನೇ ಇಳಿಸಬೇಕು.

ತಾಣ 4: ಗೋಡೆ

ಬಾಗಿಲ ಪಕ್ಕದ ಗೋಡೆಯ ಮೇಲೆ ನೆಲದಿಂದ 91 ಸೆಂ.ಮೀ. ಎತ್ತರದಲ್ಲಿ ಬಣ್ಣದ ಟೇಪು ಅಂಟಿಸಲಾಗಿದೆ. ಟೇಬಲ್ಲಿನ 76 ಸೆಂ.ಮೀ. ಎತ್ತರಕ್ಕೆ ನೆಟ್ಟಿನ ಎತ್ತರ ಸೇರಿದರೆ ಆಗುವುದು ಹೆಚ್ಚುಕಡಿಮೆ ಅಷ್ಟೇ. ಎರಡು ಮೀಟರ್ ದೂರ ನಿಂತು ಚೆಂಡನ್ನು ಆ ಟೇಪಿನ ಮೇಲ್ಭಾಗಕ್ಕೆ ಹೊಡೆದು, ಅದು ನೆಲಕ್ಕೆ ಒಮ್ಮೆ ಪುಟಿದ ಮೇಲೆ ಮತ್ತೆ ಹೊಡೆಯಬೇಕು. ಮೊದಲು ಫೋರ್‌ಹ್ಯಾಂಡ್, ಆಮೇಲೆ ಬ್ಯಾಕ್‌ಹ್ಯಾಂಡ್, ಕೊನೆಗೆ ಒಂದಾದ ಮೇಲೊಂದು. ತಡೆಯಿಲ್ಲದೆ ಎಷ್ಟು ಹೊಡೆದರು ಎಂಬುದನ್ನು ಮುಂದಾಳು ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲಿಗೂ ಎರಡನೇ ತಾಣಕ್ಕೂ ಕ್ಲಬ್ಬಿನ ಹಳೆಯ ಬ್ಯಾಟುಗಳನ್ನೇ ಬಳಸಬೇಕು, ಏಕೆಂದರೆ ಗೋಡೆಯ ಸುಣ್ಣ ಮತ್ತು ನೆಲದ ಧೂಳು ಚೆಂಡಿಗೆ ಅಂಟಿ, ಒಳ್ಳೆಯ ರಬ್ಬರಿನ ಹಿಡಿತವನ್ನು ಬೇಗ ಕೆಡಿಸುತ್ತವೆ.

ತಾಣ 5: ಮೂಲೆಯಿಂದ ಮೂಲೆಗೆ (ಎರಡನೇ ಟೇಬಲ್)

ನಾಲ್ವರೂ ಒಂದೇ ಟೇಬಲ್ಲಿನಲ್ಲಿ ಆಡುತ್ತಾರೆ: ಒಂದು ಜೋಡಿ ಫೋರ್‌ಹ್ಯಾಂಡ್ ಮೂಲೆಗಳ ನಡುವೆ, ಇನ್ನೊಂದು ಜೋಡಿ ಬ್ಯಾಕ್‌ಹ್ಯಾಂಡ್ ಮೂಲೆಗಳ ನಡುವೆ. ನಾಲ್ಕು ನಿಮಿಷಕ್ಕೆ ಮೂಲೆ ಬದಲು, ಕೊನೆಯ ಒಂದು ನಿಮಿಷ ಅದೇ ಮೂಲೆಯೊಳಗೆ ಪಾಯಿಂಟಿಗಾಗಿ ಆಟ. ಇದು ಹೊಡೆದು ಗೆಲ್ಲುವ ತಾಣವಲ್ಲ. ಒಂದೇ ಚೆಂಡನ್ನು ಇಪ್ಪತ್ತು ಬಾರಿ ಎಡೆಬಿಡದೆ ಆಡುವುದು ಗುರಿ. ಅದು ಸುಲಭವಾದಾಗ ಮಾತ್ರ ವೇಗ ಹೆಚ್ಚಿಸಬೇಕು. ಒಬ್ಬೊಬ್ಬರ ಜೇಬಿನಲ್ಲಿ ಮೂರು ಚೆಂಡುಗಳಿರಬೇಕು. ತಪ್ಪಿದ ಚೆಂಡಿನ ಹಿಂದೆ ಓಡದೆ ಹೊಸದನ್ನು ತೆಗೆದು ಆಡುತ್ತಾ ಹೋಗಿ, ಮೂಲೆ ಬದಲಿಸುವಾಗ ಎಲ್ಲವನ್ನೂ ಆಯ್ದುಕೊಳ್ಳಬೇಕು. ಎಡಗೈ ಆಟಗಾರರು ಮೂರು ಮತ್ತು ನಾಲ್ಕನೇ ತಂಡಗಳಲ್ಲಿದ್ದಾರೆ. ಅವರ ಫೋರ್‌ಹ್ಯಾಂಡ್ ಎದುರಿನವರ ಬ್ಯಾಕ್‌ಹ್ಯಾಂಡಿಗೆ ಬರುತ್ತದೆ, ಅದನ್ನು ಹಾಗೆಯೇ ಬಿಡಿ. ಪಂದ್ಯದಲ್ಲಿ ಎಡಗೈಯವರನ್ನು ಎದುರಿಸಲು ಇದೇ ತಾಲೀಮು. ಪಕ್ಕದಲ್ಲಿ ನಿಂತವರ ಬ್ಯಾಟುಗಳು ತಾಗದಂತೆ ಸಹಾಯಕ ತರಬೇತುದಾರರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು.

ಡಬಲ್ಸ್

ಎರಡು ಟೇಬಲ್‌ಗಳಲ್ಲಿ ಒಟ್ಟಿಗೆ ಎಂಟು ಮಂದಿ ಆಡಬಹುದಾದ್ದರಿಂದ ಡಬಲ್ಸನ್ನು ಆರಿಸಿದ್ದೇವೆ. ನಾಲ್ಕು ನಿಮಿಷದ ಐದು ಸುತ್ತುಗಳು. ಮೂರೂವರೆ ನಿಮಿಷಕ್ಕೆ ಸೀಟಿ, ಆ ಹೊತ್ತಿಗೆ ಮುಂದಿರುವವರು ಗೆದ್ದಂತೆ. ಮೊದಲ ಸುತ್ತಿನಲ್ಲಿ ಒಂದು ಮತ್ತು ಎರಡನೇ ತಂಡಗಳು ಆಡುತ್ತವೆ, ಮೂರನೆಯದು ಅಂಪೈರಿಂಗ್ ಮಾಡುತ್ತದೆ, ನಾಲ್ಕು ಮತ್ತು ಐದು ಗೋಡೆ ಹಾಗೂ ಸ್ಪಿನ್ ತಾಣಗಳಿಗೆ ಹೋಗುತ್ತವೆ. ಮುಂದಿನ ಸುತ್ತಿನಲ್ಲಿ ಎರಡು ಮತ್ತು ಮೂರು ಆಡುತ್ತವೆ, ನಾಲ್ಕು ಅಂಪೈರಿಂಗ್ ಮಾಡುತ್ತದೆ. ಹೀಗೆಯೇ ಮುಂದುವರಿದು ಐದನೇ ಸುತ್ತಿನಲ್ಲಿ ಐದು ಮತ್ತು ಒಂದು ಆಡುತ್ತವೆ. ಪ್ರತಿಯೊಬ್ಬರಿಗೂ ಎರಡು ಪಂದ್ಯ, ಒಂದು ಅಂಪೈರಿಂಗ್ ಸಿಗುತ್ತದೆ. ಜೋಡಿ ಮಾಡುವಾಗ ಆಡುವ ಎರಡೂ ತಂಡಗಳಿಂದ ಒಬ್ಬೊಬ್ಬರನ್ನು ಸೇರಿಸಬೇಕು, ಇದರಿಂದ ಮಟ್ಟಗಳು ಬೆರೆಯುತ್ತವೆ.

ಸಂಖ್ಯೆ ಏರುಪೇರಾದಾಗ

ತಂಡದಲ್ಲಿ ಮೂವರೇ ಇದ್ದರೆ ಐದನೇ ತಾಣದಲ್ಲಿ ಒಂದು ತುದಿಗೆ ಒಬ್ಬರು ನಿಂತು ಇಬ್ಬರಿಗೂ ಸರದಿಯಂತೆ ಆಡಬೇಕು, ಮೂರು ನಿಮಿಷಕ್ಕೊಮ್ಮೆ ಆ ಜಾಗ ಬದಲಾಗಬೇಕು. ಹದಿನಾರಕ್ಕಿಂತ ಕಡಿಮೆ ಮಂದಿ ಬಂದರೆ ನಾಲ್ಕು ತಂಡ ಮಾಡಿ ಗೋಡೆಯ ತಾಣವನ್ನು ಬಿಡಬಹುದು, ಸ್ಪಿನ್ ತಾಣವನ್ನು ಬಿಡಬಾರದು. ಆಗ ಮೂರನೇ ತಾಣದಿಂದ ನೇರವಾಗಿ ಐದಕ್ಕೆ ಹೋಗಬೇಕು. ತಡವಾಗಿ ಬಂದವರು ಮೈ ಬಿಸಿ ಮಾಡಿಕೊಂಡು, ಮುಂದಿನ ಸೀಟಿಗೆ ತಮ್ಮ ತಂಡವನ್ನು ಸೇರಿಕೊಳ್ಳಬೇಕು. ಸೀಟಿ ಮತ್ತು ಗಡಿಯಾರ ಸಹಾಯಕ ತರಬೇತುದಾರರ ಬಳಿ ಮಾತ್ರ ಇರುತ್ತವೆ. ಬಿರುಕು ಬಿಟ್ಟ ಚೆಂಡು ಸರಿಯಾಗಿ ಪುಟಿಯದ ಕಾರಣ ಅದನ್ನು ಯಾವ ತಾಣದಲ್ಲೂ ಬಳಸದೆ ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು. ಪೆಟ್ಟಿಗೆಯಲ್ಲಿ ಚೆಂಡುಗಳು ಎಂಬತ್ತಕ್ಕಿಂತ ಕಡಿಮೆಯಾದ ದಿನ ನನಗೆ ತಿಳಿಸಬೇಕು.