ಕ್ಲರ್ಕ್ ಪರೀಕ್ಷೆ (ಕೇರಳ ಪಿಎಸ್‌ಸಿ): 13 ವಾರದ ಓದಿನ ವೇಳಾಪಟ್ಟಿ

ಮನೆ ಮಂಜೇಶ್ವರ, ಕೆಲಸ ಕಾಸರಗೋಡು. ಓದು ಬೆಳಿಗ್ಗೆ 5ರಿಂದ 6.30. ರೈಲಿನ ಹೊತ್ತು ಲೆಕ್ಕಕ್ಕಿಲ್ಲ. ಸೀಟು ಸಿಕ್ಕಿದರೆ ತಪ್ಪುಗಳ ನೋಟ್‌ಬುಕ್ ತಿರುವಿ.

ಸೋಮ, ಗುರು: ಗಣಿತ. 20 ನಿಮಿಷ ಸೂತ್ರ, 50 ನಿಮಿಷದಲ್ಲಿ 25 ಲೆಕ್ಕ, ಉಳಿದ 20 ನಿಮಿಷ ತಪ್ಪಿದವನ್ನು ಪುಸ್ತಕ ಮುಚ್ಚಿ ಮತ್ತೆ ಮಾಡುವುದು. ಉತ್ತರ ನೋಡಿ ‘ಗೊತ್ತಾಯ್ತು’ ಅಂದುಕೊಂಡರೆ ಕೈ ಓಡುವುದಿಲ್ಲ. ಬೆಲೆ 20% ಏರಿಸಿ 20% ಇಳಿಸಿದರೆ ಮೊದಲಿನಷ್ಟೇ ಎಂದು ಬರೆಯುವವರೇ ಹೆಚ್ಚು: 100, 120, 96. ನಷ್ಟ 4%.

ಮಂಗಳ: ಕೇರಳದ ಇತಿಹಾಸ, ಭೂಗೋಳ.
ಬುಧ: ಸಂವಿಧಾನ. ಮಲಯಾಳ ಗೈಡ್‌ನ ಪದಗಳಿಗೆ ಕನ್ನಡ ಪದ ಪಕ್ಕದಲ್ಲೇ ಬರೆಯಿರಿ.
ಶುಕ್ರ: ಇಂಗ್ಲಿಷ್ 45, ಕನ್ನಡ 45 ನಿಮಿಷ. ಮನೆಮಾತೆಂದು ಕನ್ನಡ ಬಿಡಬೇಡಿ. ಸಂಧಿ, ಸಮಾಸದಲ್ಲೇ ಅಂಕ ಜಾರುತ್ತದೆ.
ಶನಿ: ವಾರದಲ್ಲಿ ತಪ್ಪಿದ ದಿನದ ಪಾಠ. ಮರುದಿನವೇ ಮೂರು ಗಂಟೆ ಕೂರಬೇಡಿ, ಎರಡೂ ಕೆಡುತ್ತದೆ.
ಭಾನು: ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ತಪ್ಪುತ್ತರಕ್ಕೆ ಮೂರನೇ ಒಂದು ಅಂಕ ಕಳೆಯಿರಿ: 60 ಸರಿ, 30 ತಪ್ಪು ಆದರೆ ಕೈಗೆ 50.

8ನೇ ವಾರದ ನಂತರ ಹೊಸ ಪಾಠ ಇಲ್ಲ. 9–11 ಪುನರಾವರ್ತನೆ, 12, 13ರಲ್ಲಿ ದಿನ ಬಿಟ್ಟು ದಿನ ಪ್ರಶ್ನೆಪತ್ರಿಕೆ.