ಹಾಲು, ಹೆಲ್ತ್ ಡ್ರಿಂಕ್ ಕುಡಿದರೆ ಮಕ್ಕಳು ಎತ್ತರ ಆಗ್ತಾರಾ? ಪೋಷಕರ ಪ್ರಶ್ನೆಗಳು, ಮಕ್ಕಳ ಡಾಕ್ಟರ್ ಉತ್ತರ

ಹಾಸನದ ಒಂದು ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದಕ್ಕೆ ಬಂದ ಚೀಟಿಗಳಲ್ಲಿ ಬಹುಪಾಲು ಎತ್ತರದ ಬಗ್ಗೆಯೇ ಇದ್ದವು. ಅಲ್ಲಿ ಎಲ್ಲದಕ್ಕೂ ಉತ್ತರ ಹೇಳೋಕೆ ಆಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಗನಿಗೆ ಎಂಟು ವರ್ಷ. ಕ್ಲಾಸಿನಲ್ಲಿ ಅವನೇ ಕುಳ್ಳ. ದಿನಾ ಎರಡು ಲೋಟ ಹಾಲು ಕೊಟ್ಟರೆ ಎತ್ತರ ಆಗ್ತಾನಾ?

ಸ್ವಲ್ಪ ಸಹಾಯ ಆಗಬಹುದು. ಹಾಲಿನಲ್ಲಿ ಒಳ್ಳೆ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ, ಮೂಳೆ ಬೆಳೆಯಲು ಬೇಕಾದ ಐಜಿಎಫ್-1 ಅನ್ನೋ ಹಾರ್ಮೋನನ್ನೂ ಅದು ರಕ್ತದಲ್ಲಿ ಕೊಂಚ ಹೆಚ್ಚಿಸುತ್ತದೆ. ಆದರೆ ಎಷ್ಟು ಸಹಾಯ ಅನ್ನೋದೇ ಮುಖ್ಯ. ಬೇರೆ ಬೇರೆ ದೇಶಗಳಲ್ಲಿ ಮಕ್ಕಳಿಗೆ ಹಾಲು ಕೊಟ್ಟು ಮಾಡಿದ ಪ್ರಯೋಗಗಳನ್ನೆಲ್ಲ 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಸುಮಾರು 245 ಮಿಲಿ ಹಾಲು ಜಾಸ್ತಿ ಕುಡಿದ ಮಕ್ಕಳು ವರ್ಷಕ್ಕೆ ಸರಾಸರಿ 0.4 ಸೆಂ.ಮೀ. ಹೆಚ್ಚು ಬೆಳೆದಿದ್ದರು. ಅರ್ಧ ಸೆಂಟಿಮೀಟರೂ ಇಲ್ಲ. ಅದರಲ್ಲೂ ಊಟದಲ್ಲಿ ಕೊರತೆ ಇದ್ದ ಮಕ್ಕಳಿಗೆ ಲಾಭ ಜಾಸ್ತಿ, ಚೆನ್ನಾಗಿ ತಿಂದುಂಡು ಬೆಳೆಯುವ ಮಗುವಿಗೆ ಕಡಿಮೆ.

ನಮ್ಮ ರಾಜ್ಯಕ್ಕೆ ಇದು ಸಣ್ಣ ವಿಷಯ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅದಕ್ಕೇ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಆ 150 ಮಿಲಿ ಹಾಲು, ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರುವ ಮಗುವಿಗೆ ತುಂಬಾ ದೊಡ್ಡದು. ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗ್ತಿದ್ದರೆ ಆ ಲೋಟ ತಪ್ಪದೇ ಕುಡಿಯಲಿ, ಮೊಟ್ಟೆ ಕೊಡುವ ದಿನ ಮೊಟ್ಟೆಯನ್ನೂ ತಿನ್ನಲಿ.

ಹಾಗಾದರೆ ಎತ್ತರ ಯಾವುದರಿಂದ ಬರುತ್ತೆ?

ಬಹುಪಾಲು ಅಪ್ಪ ಅಮ್ಮನಿಂದ. ಒಂದು ಅಂದಾಜು ಲೆಕ್ಕ ಇದೆ, ನೀವೇ ಮಾಡಿ ನೋಡಿ. ಇಬ್ಬರ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ. ಗಂಡು ಮಗುವಾದರೆ 13 ಸೇರಿಸಿ, ಹೆಣ್ಣು ಮಗುವಾದರೆ 13 ಕಳೆಯಿರಿ, ಆಮೇಲೆ ಎರಡರಿಂದ ಭಾಗಿಸಿ. ಅಪ್ಪ 168, ಅಮ್ಮ 154 ಇದ್ದರೆ ಮಗ ಸುಮಾರು 167, ಮಗಳು ಸುಮಾರು 154. ಇದಕ್ಕಿಂತ ಎಂಟೊಂಬತ್ತು ಸೆಂ.ಮೀ. ಆಚೀಚೆ ಆಗಬಹುದು. ಈ ಅಳತೆಯೊಳಗೆ ಮಗು ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಊಟ, ನಿದ್ದೆ, ಪದೇ ಪದೇ ಬರುವ ಕಾಯಿಲೆ ಇವೆಲ್ಲ ತೀರ್ಮಾನಿಸುತ್ತವೆ. ಮೊದಲ ಎರಡು ವರ್ಷದ ಊಟ ಎಲ್ಲಕ್ಕಿಂತ ಮುಖ್ಯ. ಆಗ ಆದ ಕೊರತೆಯನ್ನು ಹತ್ತನೇ ವಯಸ್ಸಿನಲ್ಲಿ ಒಂದು ಡಬ್ಬಿ ಪುಡಿ ತಂದು ತುಂಬಿಸೋಕೆ ಆಗಲ್ಲ.

ಟಿವಿಯಲ್ಲಿ ಪುಡಿ ಕುಡಿದರೆ ಎತ್ತರ ಆಗ್ತಾರೆ ಅಂತ ತೋರಿಸ್ತಾರಲ್ವಾ? ಅದು ಸುಳ್ಳಾ?

ಡಬ್ಬಿಯನ್ನು ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನು ಓದಿ. ಬಹಳಷ್ಟು ಪುಡಿಗಳಲ್ಲಿ ಮೊದಲು ಬರೋದು ಗೋಧಿ ಅಥವಾ ಬಾರ್ಲಿ ಮಾಲ್ಟ್, ಇಲ್ಲಾ ಸಕ್ಕರೆ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು, ಅದು ನಿಯಮ. ಆಮೇಲೆ ಕೋಕೋ, ಹಾಲಿನ ಪುಡಿ, ಕೊನೆಗೆ ವಿಟಮಿನ್‌ಗಳ ಪಟ್ಟಿ. 100 ಗ್ರಾಂ ಪುಡಿಯಲ್ಲಿ 35 ಗ್ರಾಂ ಸಕ್ಕರೆ ಅಂತ ಬರೆದಿದ್ದರೆ, 20 ಗ್ರಾಂ ಪುಡಿ ಹಾಕಿದ ಪ್ರತಿ ಲೋಟಕ್ಕೂ 7 ಗ್ರಾಂ ಸಕ್ಕರೆ ಹೋಯಿತು. ಅದರ ಮೇಲೆ ನಾವು ಮನೆಯಲ್ಲಿ ಇನ್ನೊಂದು ಚಮಚ ಹಾಕ್ತೀವಿ.

ಇನ್ನೊಂದು ವಿಷಯ ಗಮನಿಸಿ. ಆ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಸಿ ಅಂತಾರೆ. ಲೋಟದಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ ಪಾಲು ಬರೋದು ಆ ಹಾಲಿನಿಂದಲೇ. ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತೆ, ಪುಡಿ ಸೇರಿಸಿದ್ದಕ್ಕೆ ಮೂಳೆ ಉದ್ದ ಆಗಲ್ಲ.

2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ, ಮಕ್ಕಳು ಎತ್ತರ, ಬಲಶಾಲಿ, ಚುರುಕು ಆಗ್ತಾರೆ ಅನ್ನೋ ಇಂಥ ಒಂದು ಪೇಯದ ಜಾಹೀರಾತನ್ನು ತಡೆಯಿತು. ನಮ್ಮಲ್ಲಿ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು, ಯಾಕಂದ್ರೆ ನಮ್ಮ ಆಹಾರ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನೋ ವಿಭಾಗವೇ ಇಲ್ಲ. ಸಂಬಳ ಬಂದ ದಿನ ಮೊದಲು ಆ ಡಬ್ಬಿಗೆ ದುಡ್ಡು ಎತ್ತಿಡುವ ತಾಯಂದಿರನ್ನು ನಾನು ನೋಡಿದ್ದೇನೆ, ನನಗೆ ಬೇಜಾರಾಗೋದು ಅಲ್ಲೇ. ಅದೇ ದುಡ್ಡಿಗೆ ಮೊಟ್ಟೆ, ಬೇಳೆ, ಕಡಲೆಕಾಯಿ ತನ್ನಿ.

ಪುಡಿ ಹಾಕದಿದ್ದರೆ ಮಗಳು ಹಾಲನ್ನೇ ಮುಟ್ಟಲ್ಲ.

ಹಾಗಿದ್ದರೆ ಅರ್ಧ ಚಮಚ ಹಾಕಿ, ರುಚಿಗೆ ಅಂತ ತಿಳಿದುಕೊಂಡೇ ಹಾಕಿ, ಬೇರೆ ಸಕ್ಕರೆ ಬೇಡ. ನಿಧಾನಕ್ಕೆ ಕಮ್ಮಿ ಮಾಡುತ್ತಾ ಬನ್ನಿ. ಎರಡು ವರ್ಷದೊಳಗಿನ ಮಗುವಿಗೆ ಮಾತ್ರ ಬೇಡವೇ ಬೇಡ.

ಹಾಲು ಕಂಡರೆ ವಾಂತಿ ಅಂತಾನೆ. ಏನು ಮಾಡೋದು?

ಬಲವಂತ ಮಾಡಬೇಡಿ. ಮೊಸರನ್ನ, ಮಜ್ಜಿಗೆ ಸೇರುತ್ತಾ ನೋಡಿ. ರಾಗಿ ಅಂತೂ ನಮ್ಮ ಮನೆಯಲ್ಲೇ ಇದೆ, 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ, 100 ಮಿಲಿ ಹಾಲಿನಲ್ಲಿ ಇರೋದು ಸುಮಾರು 120. ಹಾಲಿನದು ಮೈಗೆ ಸುಲಭವಾಗಿ ಸೇರುತ್ತೆ ಅನ್ನೋದು ನಿಜ, ಆದರೂ ದಿನಾ ಒಂದು ಮುದ್ದೆಯೋ ರಾಗಿ ರೊಟ್ಟಿಯೋ ತಿನ್ನುವ ಮಗು ಏನೂ ಕಳೆದುಕೊಳ್ಳಲ್ಲ. ಜೊತೆಗೆ ಬಸ್ಸಾರು, ನುಗ್ಗೆಸೊಪ್ಪು, ಕಾಳು, ತಿನ್ನುವವರಾದರೆ ಮೊಟ್ಟೆ, ಮೀನು. ಹಾಲು ಕುಡಿದ ಪ್ರತಿ ಸಲ ಹೊಟ್ಟೆನೋವು, ಭೇದಿ ಆಗ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ದಿನಕ್ಕೆ ಒಂದು ಲೀಟರ್ ಕುಡಿಸ್ತಿದ್ದೀವಿ. ಒಳ್ಳೆಯದೇ ತಾನೇ?

ಅಲ್ಲ. ಹೊಟ್ಟೆ ಹಾಲಲ್ಲೇ ತುಂಬಿದರೆ ಊಟ ಸೇರಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಾಟಲಿಯಲ್ಲಿ ಹಾಲು ಕುಡಿದು ಕುಡಿದು ಬಿಳಿಚಿಕೊಂಡು, ದುಂಡಗಿದ್ದರೂ ರಕ್ತ ಕಡಿಮೆ ಇರುವ ಎರಡು ಮೂರು ವರ್ಷದ ಮಕ್ಕಳು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. 400–500 ಮಿಲಿ ಸಾಕು, ಮೊಸರೂ ಸೇರಿ. ಒಂದು ವರ್ಷದೊಳಗೆ ಹಸುವಿನ ಹಾಲು ಕುಡಿಸಬೇಡಿ, ಎದೆಹಾಲು ಕೊಡಿ.

ಬಾರಿಗೆ ನೇತಾಡಿದರೆ, ಸ್ಕಿಪ್ಪಿಂಗ್ ಮಾಡಿದರೆ?

ಆಟ ಆಡಲಿ, ಮೂಳೆ ಗಟ್ಟಿ ಆಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ. ಉದ್ದ ಆಗೋದು ಅದರಿಂದಲ್ಲ.

ಯಾವಾಗ ಡಾಕ್ಟರ್ ಹತ್ತಿರ ಬರಬೇಕು?

ಪಕ್ಕದ ಮನೆ ಹುಡುಗನ ಜೊತೆ ನಿಲ್ಲಿಸಿ ನೋಡಬೇಡಿ, ಅಳೆಯಿರಿ. ಚಪ್ಪಲಿ ತೆಗೆಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ, ಅಂಡು, ಬೆನ್ನು ಗೋಡೆಗೆ ತಾಗುವ ಹಾಗೆ ನಿಲ್ಲಿಸಿ, ನೋಟ ನೇರ ಮುಂದೆ ಇರಲಿ. ತಲೆ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು, ಅದರ ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ಟೇಪಿನಿಂದ ಅಳೆದು ತಾರೀಕು ಬರೆದಿಡಿ. ಆರು ತಿಂಗಳಿಗೊಮ್ಮೆ ಸಾಕು. ನಾಲ್ಕು ವರ್ಷದಿಂದ ಮೈನೆರೆಯುವ ತನಕ ವರ್ಷಕ್ಕೆ 5–6 ಸೆಂ.ಮೀ. ಬೆಳೆಯಬೇಕು. 5ಕ್ಕಿಂತ ಕಡಿಮೆ ಬೆಳೆದರೆ ಆ ಚೀಟಿ ಹಿಡಿದುಕೊಂಡು ಬನ್ನಿ. ಥೈರಾಯ್ಡ್, ಕರುಳಿನ ತೊಂದರೆ, ಬೆಳವಣಿಗೆಯ ಹಾರ್ಮೋನ್ ಕೊರತೆ ಇಂಥವನ್ನು ಬೇಗ ಕಂಡುಹಿಡಿದರೆ ಚಿಕಿತ್ಸೆ ಇದೆ. ಪುಡಿ ಕೊಟ್ಟು ಕಾಯುತ್ತಾ ಕೂತ ವರ್ಷಗಳು ಮಾತ್ರ ವಾಪಸ್ ಬರಲ್ಲ.

ಮಗಳು ಹನ್ನೆರಡಕ್ಕೆ ಋತುಮತಿ ಆದಳು. ಇನ್ನು ಬೆಳೆಯಲ್ವಾ?

ಬೆಳೆಯುತ್ತಾಳೆ, ಸಾಮಾನ್ಯವಾಗಿ ಇನ್ನೂ 5–7 ಸೆಂ.ಮೀ. ಹುಡುಗಿಯರು ಜೋರಾಗಿ ಉದ್ದ ಆಗೋದು ಮೊದಲ ಮುಟ್ಟಿಗೆ ಮುಂಚೆ, ಆಮೇಲೆ ನಿಧಾನ. ಮೂಳೆಯ ತುದಿಯಲ್ಲಿ ಬೆಳೆಯುವ ಮೃದುವಾದ ಪದರ ಇರುತ್ತೆ, ಅದು ಗಟ್ಟಿಯಾದ ಮೇಲೆ ಹಾಲು, ಪುಡಿ, ಮಾತ್ರೆ ಯಾವುದೂ ಕೆಲಸ ಮಾಡಲ್ಲ. ಈಗ ಅವಳಿಗೆ ಬೇಕಿರೋದು ಹೊಟ್ಟೆ ತುಂಬ ಊಟ ಮತ್ತು ಕಬ್ಬಿಣಾಂಶ, ಯಾಕಂದ್ರೆ ಪ್ರತಿ ತಿಂಗಳೂ ರಕ್ತ ಹೋಗುತ್ತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಟ್ಟರೆ ಊಟದ ನಂತರ ನುಂಗಲಿ, ಆ ಹೊತ್ತಿಗೆ ಟೀ ಕುಡಿಯೋದು ಬೇಡ. ಎಂಟು ವರ್ಷಕ್ಕೂ ಮುಂಚೆ ಎದೆ ಬೆಳೆಯೋಕೆ ಶುರುವಾಗಿದ್ದರೆ ಕಾಯಬೇಡಿ, ಆ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.